ಹೋಗುವ ಬಾಡಿಗೆ, ಬರುವ ಬಾಡಿಗೆ

ಕ್ಯಾಶ್ ಆನ್ ಡೆಲಿವರಿ ಪಾರ್ಸೆಲ್ ಕಳಿಸುವವರಿಗೂ ತರಿಸಿಕೊಳ್ಳುವವರಿಗೂ ಒಂದು ಮನವಿ



ಸೂರತ್ತಿನ ಸೀರೆ, ಅಹಮದಾಬಾದಿನ ಚಣಿಯಾ ಚೋಳಿ, ವಡೋದರಾದ ಲೀಲೋ ಚೇವಡೋ ಈಗ ಕರ್ನಾಟಕದ ಯಾವ ತಾಲ್ಲೂಕಿಗೆ ಬೇಕಾದರೂ ನಾಲ್ಕೈದು ದಿನದಲ್ಲಿ ಬಂದು ಇಳಿಯುತ್ತವೆ. ಕಳಿಸುವವರೆಲ್ಲ ದೊಡ್ಡ ಕಂಪನಿಗಳೇನಲ್ಲ. ಸೂರತ್ತಿನ ವರಾಛಾದ ಎರಡು ಕೋಣೆಯ ಮನೆಯಲ್ಲಿ ಒಂದು ಲೇಬಲ್ ಪ್ರಿಂಟರ್, ಒಂದು ತಕ್ಕಡಿ, ಪಾಲಿಥೀನ್ ಚೀಲಗಳ ಕಟ್ಟು ಇಟ್ಟುಕೊಂಡು ಸಂಜೆ ಪಿಕಪ್ ಹುಡುಗನಿಗೆ ಕಾಯುವವರೂ ಇದ್ದಾರೆ. ಈ ಊರುಗಳಲ್ಲಿ ನೆಲೆಸಿದ ಕನ್ನಡದ ಮನೆಗಳವರೂ ಅವರೊಳಗಿದ್ದಾರೆ. ಈ ಕರಪತ್ರ ಅಂಥ ಕೆಲವರ ಪರವಾಗಿ.

ಹೇಳಬೇಕಾದ್ದು ಇಷ್ಟೇ. ಖಾತ್ರಿಯಾಗದ ಸಿಓಡಿ ಪಾರ್ಸೆಲ್ ಮನೆಯ ಹೊಸ್ತಿಲು ದಾಟಬಾರದು. ಖಾತ್ರಿ ಎಂದರೆ ಒಂದೋ ಬೆಲೆಯ ಸಣ್ಣ ಭಾಗ ಮುಂಗಡ, ಇಲ್ಲವಾದರೆ ಫೋನಿನಲ್ಲಿ ತರಿಸಿಕೊಂಡವರ ಬಾಯಿಂದಲೇ ಕೇಳಿದ ಒಪ್ಪಿಗೆ. ಎರಡೂ ಇಲ್ಲದ ಆರ್ಡರನ್ನು ರದ್ದು ಮಾಡಿ. ಹತ್ತು ಆರ್ಡರ್ ಕೈಬಿಟ್ಟರೆ ವ್ಯಾಪಾರ ಹೋಯಿತು ಎಂದು ಹೆದರುವವರು ಮೊದಲು ಈ ಲೆಕ್ಕ ನೋಡಬೇಕು.

ಒಂದು ಸೀರೆಯ ಲೆಕ್ಕ

699 ರೂಪಾಯಿಗೆ ಮಾರುವ ಸಿಂಥೆಟಿಕ್ ಸೀರೆ ಎಂದಿಟ್ಟುಕೊಳ್ಳೋಣ. ಇಲ್ಲಿ ಕೊಡುವ ಅಂಕಿಗಳು ಉದಾಹರಣೆಗೆ. ನಿಮ್ಮ ಕೊರಿಯರ್ ದರ ಹಾಕಿ ನೀವೇ ಮಾಡಿ ನೋಡಬಹುದು. ತೆರಿಗೆ ಕಳೆದು ಕೈಗೆ ಬರುವುದು ಸುಮಾರು 665. ಸೂರತ್ತಿನ ರಿಂಗ್ ರೋಡಿನ ಮಾರುಕಟ್ಟೆಯಲ್ಲಿ ಸೀರೆಯ ಖರೀದಿ 420. ಚೀಲ, ಲೇಬಲ್, ಟೇಪಿಗೆ 15. ಅರ್ಧ ಕಿಲೋದೊಳಗಿನ ಪಾರ್ಸೆಲ್ಲಿಗೆ ಹೋಗುವ ಬಾಡಿಗೆ 75, ಹಣ ವಸೂಲಿ ಮಾಡಿಕೊಡುವುದಕ್ಕೆ ಸಿಓಡಿ ಶುಲ್ಕ 35. ಮೊಬೈಲಿನಲ್ಲಿ ಜಾಹೀರಾತು ಹಾಕಿ ಒಂದು ಆರ್ಡರ್ ಹಿಡಿಯಲು 60. ಎಲ್ಲ ಕಳೆದು ಉಳಿಯುವುದು 60 ರೂಪಾಯಿ.

ಅದೇ ಸೀರೆ ಬಾಗಿಲಿನಿಂದ ವಾಪಸಾಯಿತು ಎನ್ನಿ. ಕೊರಿಯರ್ ಭಾಷೆಯಲ್ಲಿ ಇದಕ್ಕೆ ಆರ್‌ಟಿಓ ಎನ್ನುತ್ತಾರೆ. ಸಿಓಡಿ ಶುಲ್ಕವನ್ನು ಸಾಮಾನ್ಯವಾಗಿ ಬಿಟ್ಟುಕೊಡುತ್ತಾರೆ. ಹೋದ ಬಾಡಿಗೆ 75 ಮಾತ್ರ ಹೋದಂತೆಯೇ. ಬರುವ ಬಾಡಿಗೆ 65 ಅದರ ಮೇಲೆ ಬೀಳುತ್ತದೆ. ಪ್ಯಾಕಿಂಗಿನ 15, ಜಾಹೀರಾತಿನ 60 ಸೇರಿ ಒಟ್ಟು 215 ನಷ್ಟ. ಹೀಗೆ ಒಂದು ವಾಪಸು ಮೂರೂವರೆ ಸೀರೆಯ ಲಾಭವನ್ನು ತಿಂದುಹಾಕುತ್ತದೆ. ಗ್ರಾಹಕರ ಕೈಗೆ ಸೀರೆ ಸಿಕ್ಕಿಲ್ಲ, ನಮ್ಮ ಕೈಗೆ ಹಣ ಬಂದಿಲ್ಲ, ಲಾರಿಯ ಬಾಡಿಗೆ ಮಾತ್ರ ಎರಡು ಸಲ ಕಟ್ಟಿದ್ದಾಯಿತು.

ನೂರು ಆರ್ಡರಿನಲ್ಲಿ 22 ವಾಪಸಾದರೆ ಲಾಭವೆಲ್ಲ ಕರಗಿ ಕೈಯಿಂದ 50 ರೂಪಾಯಿ ಹೋಗಿರುತ್ತದೆ. 30 ವಾಪಸಾದರೆ ಎಪ್ಪತ್ತು ಸೀರೆ ಮಾರಿಯೂ 2,250 ರೂಪಾಯಿ ಸಾಲ. ಈಗ ಇನ್ನೊಂದು ರೀತಿ ನೋಡಿ. ಅದೇ ನೂರು ಆರ್ಡರಿಗೆ ಮೊದಲೇ ಫೋನ್ ಮಾಡಿದಿರಿ, 18 ಮಂದಿ ಬೇಡ ಎಂದರು ಅಥವಾ ಸಿಗಲೇ ಇಲ್ಲ, ಅವನ್ನು ಕಳಿಸಲಿಲ್ಲ. ಆ ಹದಿನೆಂಟಕ್ಕೆ ಹೋದದ್ದು ಜಾಹೀರಾತಿನ 60 ರೂಪಾಯಿ ಮಾತ್ರ. ಕಳಿಸಿದ 82ರಲ್ಲಿ 12 ವಾಪಸಾದವು, 70 ತಲುಪಿದವು. ಮಾರಿದ್ದು ಹಿಂದಿನಷ್ಟೇ ಎಪ್ಪತ್ತು ಸೀರೆ. ಆದರೆ 2,250 ನಷ್ಟದ ಜಾಗದಲ್ಲಿ 540 ಲಾಭ. ದೊಡ್ಡ ಲಾಭವೇನಲ್ಲ, ಒಪ್ಪುತ್ತೇವೆ. ಆದರೂ ವ್ಯಾಪಾರ ಮುಚ್ಚುವುದಕ್ಕೂ ನಡೆಸುವುದಕ್ಕೂ ಇರುವ ಅಂತರ ಇಷ್ಟೇ. ಅದು ಪೂರ್ತಿ ಬಂದದ್ದು ಹೋಗದೆ ನಿಂತ ಹದಿನೆಂಟು ಪಾರ್ಸೆಲ್ಲಿನಿಂದ.

ಈ ಲೆಕ್ಕದಲ್ಲಿ ಸೇರದ ನಷ್ಟ ಬೇರೆ ಇದೆ. ಪಾರ್ಸೆಲ್ ಹೋಗಿ, ಮೂರು ಸಲ ಬಾಗಿಲು ತಟ್ಟಿ, ತಿರುಗಿ ಬರಲು ಎರಡು ಮೂರು ವಾರ ಬೇಕು. ಮೂವತ್ತು ಸೀರೆ ಎಂದರೆ 12,600 ರೂಪಾಯಿಯ ಮಾಲು ಅಷ್ಟು ದಿನ ರಸ್ತೆಯ ಮೇಲೆ. ಸೀರೆಯಾದರೆ ಮುಂದಿನ ತಿಂಗಳು ಮಾರಬಹುದು. ಅಹಮದಾಬಾದಿನ ಲಾ ಗಾರ್ಡನ್ ಬಳಿಯ ಬೀದಿಯಲ್ಲಿ ಸಿಗುವಂಥ ಕನ್ನಡಿ ಕಸೂತಿಯ ಚಣಿಯಾ ಚೋಳಿ ನವರಾತ್ರಿಗೆ ಹೊರಟು ಶರದ್ ಪೂರ್ಣಿಮೆ ಕಳೆದ ಮೇಲೆ ವಾಪಸ್ ಬಂದರೆ ಅದನ್ನು ಯಾರಿಗೆ ಮಾರುವುದು? ಮುಂದಿನ ವರ್ಷದ ಗರ್ಬಾ ತನಕ ಅಟ್ಟದ ಮೇಲೆ. ವಡೋದರಾದ ಚೇವಡಾ ಕಳಿಸುವವರ ಪಾಡು ಇನ್ನೂ ಸರಳ. ವಾಪಸ್ ಬಂದ ತಿಂಡಿಯನ್ನು ಯಾರಿಗೂ ಮಾರುವಂತಿಲ್ಲ, ಮಾರಲೂಬಾರದು.

ಒಂದೇ ಅಂಕಿ ತಪ್ಪಿದರೆ

ವಾಪಸ್ ಬಂದದ್ದೆಲ್ಲ ಮೋಸದ ಆರ್ಡರ್ ಎಂದು ಸಿಟ್ಟಾಗುವುದು ಸುಲಭ. ಹಾಗೇನಿಲ್ಲ. ತೆಗೆದುಕೊಳ್ಳಬೇಕೆಂದೇ ಆರ್ಡರ್ ಮಾಡಿ, ಹಣ ಎತ್ತಿಟ್ಟುಕೊಂಡು ಕಾದವರ ಪಾರ್ಸೆಲ್ಲೂ ತಿರುಗಿ ಬರುತ್ತದೆ, ವಿಳಾಸದ ದೆಸೆಯಿಂದ.

ಪಿನ್ ಕೋಡ್ 1972ರ ಆಗಸ್ಟ್ 15ರಂದು ಬಂತು. ಆರು ಅಂಕಿಗಳಲ್ಲಿ ಮೊದಲ ಮೂರು ಬಟವಾಡೆಯ ವಲಯ ಹೇಳುತ್ತವೆ, ಕೊನೆಯ ಮೂರು ಅಂಚೆ ಕಚೇರಿ. ಕರ್ನಾಟಕದ ಕೋಡುಗಳು 56ರಿಂದ 59ರೊಳಗೆ ಶುರುವಾಗುತ್ತವೆ, ಗುಜರಾತಿನವು 36ರಿಂದ 39ರೊಳಗೆ. ಕೊರಿಯರ್ ಕಂಪನಿಗಳೂ ಪಾರ್ಸೆಲ್ ವಿಂಗಡಿಸುವುದು ಇದೇ ಆರು ಅಂಕಿ ನೋಡಿ. ಊರಿನ ಹೆಸರನ್ನು ಕೊನೆಗೆ ಪಾರ್ಸೆಲ್ ಹೊತ್ತ ಹುಡುಗ ಓದುತ್ತಾನೆ, ಅಲ್ಲಿಯ ತನಕ ಯಾರೂ ಓದುವುದಿಲ್ಲ.

ಈಗ 577 ತೆಗೆದುಕೊಳ್ಳಿ. ದಾವಣಗೆರೆ 577001, ಚಿಕ್ಕಮಗಳೂರು 577101, ಶಿವಮೊಗ್ಗ 577201. ಮೂರು ಜಿಲ್ಲಾ ಕೇಂದ್ರಗಳಿಗೆ ನಡುವಿನ ಒಂದೇ ಒಂದು ಅಂಕಿ ಬೇರೆ. ಶಿವಮೊಗ್ಗದವರೊಬ್ಬರು ಮೊಬೈಲಿನಲ್ಲಿ 2ರ ಬದಲು 1 ಒತ್ತಿದರೆಂದುಕೊಳ್ಳಿ. ಲೇಬಲ್ಲಿನ ಮೇಲೆ ಶಿವಮೊಗ್ಗ, 577101 ಎಂದು ಅಚ್ಚಾಗುತ್ತದೆ. ಸೂರತ್ತಿನಿಂದ ಹೊರಟ ಸೀರೆ ಬೆಂಗಳೂರು ಕಡೆಯ ಹಬ್ಬಿಗೆ ಬಂದು ಅಲ್ಲಿಂದ ಚಿಕ್ಕಮಗಳೂರಿಗೆ ಹೋಗುತ್ತದೆ. ಅಲ್ಲಿನ ಹುಡುಗ ಇದು ನಮ್ಮೂರಿನದಲ್ಲ ಎಂದು ಕಂಡರೂ ಶಿವಮೊಗ್ಗಕ್ಕೆ ತಿರುಗಿಸುವ ಅಧಿಕಾರ ಅವನಿಗಿಲ್ಲ. ಅವನ ಮೊಬೈಲಿನಲ್ಲಿರುವುದು ಕೆಲವೇ ಗುಂಡಿಗಳು: ವಿಳಾಸ ಅಪೂರ್ಣ, ಗ್ರಾಹಕರು ಸಿಗಲಿಲ್ಲ, ನಿರಾಕರಿಸಿದರು. ಒಂದನ್ನು ಒತ್ತುತ್ತಾನೆ. ಶಿವಮೊಗ್ಗದವರು ಬರಲಿಲ್ಲವಲ್ಲ ಎಂದು ಬೈಯುತ್ತಾ ಕೂತಿರುತ್ತಾರೆ, ಸೂರತ್ತಿನವರು ತಗೊಳ್ಳಲಿಲ್ಲವಲ್ಲ ಎಂದು.

ಇದನ್ನು ಹಿಡಿಯುವುದು ಬಹಳ ಸುಲಭ. ಲೇಬಲ್ ಅಚ್ಚು ಹಾಕುವ ಮೊದಲು ಪಿನ್ ಕೋಡ್ ಯಾವ ಊರಿನದು ಎಂದು ನೋಡಿ, ವಿಳಾಸದಲ್ಲಿ ಬರೆದ ಊರಿನ ಜೊತೆ ತಾಳೆ ನೋಡಿದರೆ ಮುಗಿಯಿತು. ಅಂಚೆ ಇಲಾಖೆಯ ಜಾಲತಾಣದಲ್ಲಿ ಪಿನ್ ಹುಡುಕುವ ಸೌಲಭ್ಯ ಬಿಟ್ಟಿಯಾಗಿ ಇದೆ. ಕನ್ನಡ ಬಲ್ಲವರಿಗೆ ಇಲ್ಲೊಂದು ಅನುಕೂಲ ಉಂಟು. ಸೂರತ್ತಿನ ವ್ಯಾಪಾರಿಗೆ ಹೊಸಹಳ್ಳಿ ಒಂದು ಊರು. ಹೊಸಹಳ್ಳಿ ಎಷ್ಟು ತಾಲ್ಲೂಕಿನಲ್ಲಿದೆ ಎಂದು ನಮಗೆ ಗೊತ್ತು, ಆದ್ದರಿಂದ ಯಾವ ಹೋಬಳಿ ಎಂದು ಕೇಳುತ್ತೇವೆ. ಬೆಂಗಳೂರಿನವರು 7ನೇ ಮೇನ್, 4ನೇ ಕ್ರಾಸ್ ಎಂದಷ್ಟೇ ಬರೆದರೆ ಅದು ಯಾವ ಬಡಾವಣೆಯಲ್ಲಿ ಬೇಕಾದರೂ ಇರಬಹುದು ಎಂದು ನಮಗೆ ಅನುಮಾನ ಬರುತ್ತದೆ. ಆಂಜನೇಯ ದೇವಸ್ಥಾನದ ಹತ್ತಿರ ಎಂದು ಬರೆದವರಿಗಂತೂ ಫೋನ್ ಮಾಡಲೇಬೇಕು. ಆಂಜನೇಯನಿಲ್ಲದ ಊರು ಯಾವುದಿದೆ?

2025ರ ಮೇ ತಿಂಗಳಲ್ಲಿ ಅಂಚೆ ಇಲಾಖೆ ಡಿಜಿಪಿನ್ ಎಂಬ ಹತ್ತು ಅಕ್ಷರಾಂಕಿಗಳ ಗುರುತು ತಂದಿತು. ಸುಮಾರು ನಾಲ್ಕು ಮೀಟರ್ ಅಗಲ, ನಾಲ್ಕು ಮೀಟರ್ ಉದ್ದದ ಜಾಗವನ್ನು ಅದು ತೋರಿಸುತ್ತದೆ. ಹಳ್ಳಿಯ ಒಂಟಿ ಮನೆಗೆ ಇದು ಒಳ್ಳೆಯದು, ವಿಳಾಸದ ಜೊತೆ ಬರೆದುಕೊಟ್ಟರೆ ಉಪಕಾರ. ಆದರೆ ಅದು ಮಹಡಿ ಹೇಳುವುದಿಲ್ಲ, ಮನೆಯವರ ಹೆಸರೂ ಹೇಳುವುದಿಲ್ಲ. ಪಿನ್ ಕೋಡಿನ ಬದಲಿಗಲ್ಲ, ಅದರ ಜೊತೆಗೆ.

ಕಳ್ಳ ಆರ್ಡರ್ ಹೇಗೆ ಕಾಣುತ್ತದೆ

ಇನ್ನು ಬೇಕೆಂದೇ ಮಾಡುವ ಸುಳ್ಳು ಆರ್ಡರ್. ಯಾರದೋ ಮೇಲಿನ ಸೇಡಿಗೆ ಅವರ ನಂಬರ್ ಹಾಕಿ ತಮಾಷೆ ಮಾಡುವವರಿದ್ದಾರೆ. ಎದುರಾಳಿ ವ್ಯಾಪಾರಿಯ ಮಾಲು ಹಬ್ಬದ ಹೊತ್ತಿಗೆ ರಸ್ತೆಯಲ್ಲಿ ಸಿಕ್ಕಿಕೊಳ್ಳಲಿ ಎಂದು ಒಂದೇ ರಾತ್ರಿ ಹತ್ತಾರು ಆರ್ಡರ್ ಹಾಕಿಸುವವರೂ ಇದ್ದಾರೆ. ಒಂದೇ ಸೀರೆಯನ್ನು ಮೂರು ಅಂಗಡಿಗೆ ಹೇಳಿ, ಮೊದಲು ಬಂದದ್ದನ್ನು ಇಟ್ಟುಕೊಂಡು ಉಳಿದೆರಡನ್ನು ಬಾಗಿಲಲ್ಲೇ ತಿರುಗಿಸುವವರು ಇವರಿಗಿಂತ ಹೆಚ್ಚು. ಅವರಿಗೆ ಅದು ಮೋಸ ಎನಿಸುವುದೇ ಇಲ್ಲ. ದುಡ್ಡು ಕೊಟ್ಟಿಲ್ಲವಲ್ಲ, ಯಾರಿಗೇನು ನಷ್ಟ ಎಂಬ ಭಾವನೆ. ಮೇಲಿನ 215 ರೂಪಾಯಿ ಅವರಿಗೆ ತಿಳಿಯಲಿ ಎಂದೇ ಈ ಕರಪತ್ರವನ್ನು ಕನ್ನಡದಲ್ಲಿ ಅಚ್ಚು ಹಾಕಿಸುತ್ತಿದ್ದೇವೆ.

ಗುರುತು ಹಿಡಿಯುವುದು ಕಷ್ಟವಲ್ಲ. ಒಂದೇ ನಂಬರಿನಿಂದ ಬೇರೆ ಬೇರೆ ಹೆಸರು, ಬೇರೆ ಬೇರೆ ಹೆಸರಿಗೆ ಒಂದೇ ವಿಳಾಸ, ನಡುರಾತ್ರಿ ಐದು ನಿಮಿಷದಲ್ಲಿ ಸಾಲಾಗಿ ಬಂದ ಆರ್ಡರುಗಳು, ಒಂದೇ ಬಣ್ಣದ ಎಂಟು ಸೀರೆ, ಎರಡೇ ಶಬ್ದದ ವಿಳಾಸ. ಇವುಗಳಲ್ಲಿ ಒಂದಿದ್ದರೆ ಅನುಮಾನ, ಎರಡು ಸೇರಿದರೆ ಮುಂಗಡವಿಲ್ಲದೆ ಕಳಿಸಬೇಡಿ. ಪೊಲೀಸರಿಗೆ ಹೋಗಬಹುದಲ್ಲ ಎಂದರೆ, ಒಂದು ಸೀರೆಗೆ ಹೋಗುವುದು ವ್ಯರ್ಥ. ಒಂದೇ ಮೂಲದಿಂದ ರಾಶಿ ಆರ್ಡರ್ ಬಂದಿದ್ದರೆ ಮಾತ್ರ ನಂಬರ್, ಸಮಯ, ಆರ್ಡರ್ ಪಟ್ಟಿ ಎಲ್ಲ ತೆಗೆದಿಟ್ಟುಕೊಂಡು ಸೈಬರ್ ಅಪರಾಧ ವಿಭಾಗಕ್ಕೆ ದೂರು ಕೊಡಿ.

ಒಂದು ಫೋನ್ ಕರೆ

ಸೂರತ್ತಿನ ವ್ಯಾಪಾರಿ ಹಿಂದಿಯಲ್ಲಿ ಫೋನ್ ಮಾಡಿದರೆ ರಾಣೆಬೆನ್ನೂರಿನ ಮನೆಯಲ್ಲಿ ಅದನ್ನು ಸಾಲ ಕೊಡುವ ಕಂಪನಿಯ ಕರೆ ಎಂದು ಕತ್ತರಿಸುತ್ತಾರೆ. ಅವರನ್ನು ದೂರುವಂತಿಲ್ಲ, ದಿನಕ್ಕೆ ಅಂಥವು ಎಷ್ಟೋ ಬರುತ್ತವೆ. ಕನ್ನಡದಲ್ಲಿ ಮಾಡಿದರೆ ಕರೆ ಹೀಗೆ ನಡೆಯುತ್ತದೆ:

"ಅಮ್ಮಾ, ಸೂರತ್ತಿಂದ ಮಾತಾಡ್ತಾ ಇದೀನಿ. ನೀವು ನಿನ್ನೆ ರಾತ್ರಿ ಹಸಿರು ಸೀರೆ ಹೇಳಿದ್ರಲ್ಲಾ, ಆರುನೂರ ತೊಂಬತ್ತೊಂಬತ್ತರದು?"

"ನಾನಾ? ಇಲ್ಲಪ್ಪಾ. ತಡೀರಿ... ನಮ್ಮ ಸೊಸೆ ನೋಡ್ತಿದ್ಲು."

"ಬೇಕಾದ್ರೆ ಕಳಿಸ್ತೀನಿ, ಬೇಡ ಅಂದ್ರೂ ತೊಂದ್ರೆ ಇಲ್ಲ. ಆದ್ರೆ ಮನೆಗೆ ಬಂದ ಮೇಲೆ ಬೇಡ ಅನ್ಬೇಡಿ, ಎರಡೂ ಕಡೆ ಬಾಡಿಗೆ ನಮ್ಮ ಮೇಲೆ ಬೀಳುತ್ತೆ."

"ಹೌದಾ? ಅದು ಗೊತ್ತೇ ಇರ್ಲಿಲ್ಲ. ಗುರುವಾರ ಕಳಿಸಿ, ಬುಧವಾರ ತನಕ ಮನೇಲಿ ಯಾರೂ ಇರಲ್ಲ."

ಒಂದು ನಿಮಿಷದ ಮಾತು. ಆರ್ಡರ್ ಮಾಡಿದವರು ಯಾರು, ಹಣ ಕೊಡುವವರು ಯಾರು, ಯಾವ ದಿನ ಮನೆಯಲ್ಲಿರುತ್ತಾರೆ, ಮೂರೂ ಗೊತ್ತಾಯಿತು. ಬಹಳಷ್ಟು ಪಾರ್ಸೆಲ್ ತಿರುಗುವುದು ಇಲ್ಲೇ. ಸೊಸೆ ಹೇಳಿದ ಸೀರೆಗೆ ಬಾಗಿಲಲ್ಲಿ ನಿಂತ ಅತ್ತೆ ಹಣ ಕೊಡುವುದಿಲ್ಲ. ಗುಜರಾತಿ ವ್ಯಾಪಾರಿಗಳ ಬಳಿ ಕೆಲಸ ಮಾಡುವ ಕನ್ನಡದವರು ನಿಮ್ಮ ಮಾಲೀಕರಿಗೆ ಇದನ್ನು ಹೇಳಿ. ಕರ್ನಾಟಕದ ಆರ್ಡರುಗಳಿಗೆ ಸಂಜೆ ಒಂದು ಗಂಟೆ ಕನ್ನಡದಲ್ಲಿ ಫೋನ್ ಮಾಡುವುದಕ್ಕೆ ಕೂಲಿ ಕೇಳಿ ಪಡೆಯಿರಿ. ತಿಂಗಳಿಗೆ ಉಳಿಯುವ ಬಾಡಿಗೆಯಲ್ಲಿ ಅದು ಬರುತ್ತದೆ.

ಮುಂಗಡ ಕೇಳುವುದು ಅನ್ಯಾಯವೇ?

ಇದಕ್ಕೆ ವಿರೋಧ ಬರುವುದು ಗೊತ್ತು. ಸಿಓಡಿ ಇರುವುದೇ ನಂಬಿಕೆ ಇಲ್ಲದ ಕಡೆ ವ್ಯಾಪಾರ ನಡೆಯಲಿ ಎಂದು. ನಮ್ಮ ದೇಶಕ್ಕೆ ಅದು ಹೊಸದೂ ಅಲ್ಲ. ಅಂಚೆ ಇಲಾಖೆ ವಿ.ಪಿ.ಪಿ. ಶುರು ಮಾಡಿದ್ದು 1877ರಲ್ಲಿ. ಹಣ ಕೊಟ್ಟು ಕಟ್ಟು ಬಿಡಿಸಿಕೊಳ್ಳುವ ಆ ಪದ್ಧತಿಯಲ್ಲೇ ನಮ್ಮ ಅಜ್ಜಂದಿರು ಪುಸ್ತಕ, ಪಂಚಾಂಗ, ಔಷಧಿ ತರಿಸಿಕೊಂಡರು. 2010ರಲ್ಲಿ ಫ್ಲಿಪ್‌ಕಾರ್ಟ್ ಇದೇ ಉಪಾಯವನ್ನು ಇಂಟರ್ನೆಟ್ ಅಂಗಡಿಗೆ ತಂದಾಗ ಕಾರ್ಡ್ ಇಲ್ಲದವರೂ ಕೊಳ್ಳುವಂತಾಯಿತು. ವ್ಯತ್ಯಾಸ ಏನೆಂದರೆ ವಿ.ಪಿ.ಪಿ. ತರಿಸಲು ಕಾರ್ಡು ಬರೆದು ಅಂಚೆಗೆ ಹಾಕುವಷ್ಟು ಮನಸ್ಸಾದರೂ ಬೇಕಿತ್ತು. ಇಂದು ಬಸ್ಸಿನಲ್ಲಿ ಕೂತು ರೀಲ್ಸ್ ನೋಡುತ್ತಾ ಹೆಬ್ಬೆರಳಿನಿಂದ ಒತ್ತಿದರೆ ಆರ್ಡರ್ ಆಗಿಬಿಡುತ್ತದೆ. ಇಳಿಯುವ ಸ್ಟಾಪ್ ಬರುವಷ್ಟರಲ್ಲಿ ಮರೆತೂ ಹೋಗಿರುತ್ತದೆ. 99 ರೂಪಾಯಿ ಮುಂಗಡ ಆ ಮರೆವಿಗೆ ಮದ್ದು, ಅಷ್ಟೇ.

ಗ್ರಾಹಕರ ಭಯವೂ ಸುಳ್ಳಲ್ಲ. ಮುಂಗಡ ಹಾಕಿಸಿಕೊಂಡು ಮಾಯವಾದ ನಕಲಿ ಪುಟಗಳಿವೆ. ಹೇಳದೇ ಇದ್ದ ಪಾರ್ಸೆಲ್ ಮನೆಗೆ ಬಂದು, ವಯಸ್ಸಾದವರು ಹಣ ಕೊಟ್ಟು, ಒಳಗೆ ಹಳೆ ಬಟ್ಟೆ ಸಿಕ್ಕಿದ್ದೂ ಉಂಟು. ಹೇಳದ ಪಾರ್ಸೆಲನ್ನು ತಿರುಗಿಸುವುದೇ ಸರಿ, ಅದನ್ನು ನಾವೂ ಹೇಳುತ್ತೇವೆ. ಆದ್ದರಿಂದಲೇ ಮುಂಗಡದ ಜೊತೆ ಫೋನಿನ ದಾರಿಯನ್ನೂ ಇಟ್ಟಿದ್ದೇವೆ. ಮುಂಗಡ ಹಾಕಲು ಮನಸ್ಸಿಲ್ಲದವರು, ಮೊಬೈಲಿನಲ್ಲಿ ಹಣ ಕಳಿಸಲು ಬಾರದವರು, ಮಾತಿನಲ್ಲಿ ಒಪ್ಪಿದರೆ ಸಾಕು.

ಕಾನೂನಿನ ಮಾತೂ ಇದೆ. 2023ರ ನವೆಂಬರ್ 30ರಂದು ಕೇಂದ್ರ ಸರ್ಕಾರ ಗ್ರಾಹಕರನ್ನು ದಾರಿ ತಪ್ಪಿಸುವ ಹದಿಮೂರು ಬಗೆಯ ತಂತ್ರಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಮೊದಲು ಒಂದು ಬೆಲೆ ತೋರಿಸಿ ಕೊನೆಯ ಪುಟದಲ್ಲಿ ಶುಲ್ಕ ಸೇರಿಸುವುದು ಅವುಗಳಲ್ಲೊಂದು. 2025ರ ಅಕ್ಟೋಬರಿನಲ್ಲಿ ಗ್ರಾಹಕ ವ್ಯವಹಾರಗಳ ಸಚಿವರಾದ ಧಾರವಾಡದ ಸಂಸದ ಪ್ರಲ್ಹಾದ ಜೋಶಿಯವರು ಸಿಓಡಿಗೆ ಹೆಚ್ಚುವರಿ ಶುಲ್ಕ ಹಾಕುವ ಕಂಪನಿಗಳ ಮೇಲೆ ಬಂದ ದೂರುಗಳ ತನಿಖೆ ನಡೆದಿದೆ ಎಂದು ತಿಳಿಸಿದರು. ನಾವು ಆ ತನಿಖೆಯ ಪರ. ಬಚ್ಚಿಟ್ಟ ಶುಲ್ಕ ಬೇರೆ, ಬೆಲೆಯ ಒಳಗಿನ ಮುಂಗಡ ಬೇರೆ. 699ರ ಸೀರೆಗೆ 99 ಮೊದಲು, 600 ಬಾಗಿಲಲ್ಲಿ. ಒಂದು ಪೈಸೆ ಹೆಚ್ಚಿಲ್ಲ. ಇದನ್ನು ಬೆಲೆಯ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯಬೇಕು. ಬರೆಯದೆ ಕೊನೆಯಲ್ಲಿ ಕೇಳುವ ವ್ಯಾಪಾರಿಯ ಪರ ನಾವಿಲ್ಲ.

ಕೊರಿಯರ್ ಕಂಪನಿಗಳಿಗೆ

ಮೂರು ಸಲ ಹೋಗಿದ್ದೆವು, ಗ್ರಾಹಕರು ಸಿಗಲಿಲ್ಲ ಎಂಬ ವರದಿಯಲ್ಲಿ ಎಷ್ಟು ನಿಜ? ಟ್ರ್ಯಾಕಿಂಗ್ ನೋಡಿದರೆ ಕೆಲವು ಸಲ ಉತ್ತರ ಅಲ್ಲೇ ಇರುತ್ತದೆ. ಬೆಳಿಗ್ಗೆ ಬಟವಾಡೆಗೆ ಹೊರಟಿದೆ ಎಂಬ ಸಾಲೇ ಇಲ್ಲ, ರಾತ್ರಿ ಎಂಟರ ಮೇಲೆ ನೇರವಾಗಿ ಗ್ರಾಹಕರು ಸಿಗಲಿಲ್ಲ ಎಂಬ ಸಾಲು. ಪಾರ್ಸೆಲ್ ಹಬ್ಬಿನಿಂದ ಕದಲಿಲ್ಲ ಎಂದು ಇದರಿಂದ ತಿಳಿಯುತ್ತದೆ. ಹುಡುಗರನ್ನು ಮಾತ್ರ ದೂರಬೇಡಿ. ಹೆಗಲ ಮೇಲೆ ಹೊರಲಾರದಷ್ಟು ಹೊರಿಸಿದ ದಿನ ದೂರದ ಹಳ್ಳಿಯ ಪಾರ್ಸೆಲ್ ಉಳಿಯುವುದು ಸಹಜ. ಉಳಿದದ್ದಕ್ಕೆ ಗ್ರಾಹಕರ ಹೆಸರಿನಲ್ಲಿ ಸುಳ್ಳು ಬರೆಯುವ ವ್ಯವಸ್ಥೆ ತಪ್ಪು.

ವ್ಯಾಪಾರಿಗಳು ಇಂಥ ವರದಿ ಬಂದ ದಿನವೇ ಗ್ರಾಹಕರಿಗೆ ಫೋನ್ ಮಾಡಿ ಮತ್ತೆ ಕಳಿಸಿ ಎಂದು ಪ್ಯಾನೆಲ್ಲಿನಲ್ಲಿ ಬರೆಯಬೇಕು. ಉತ್ತರ ಕೊಡದಿದ್ದರೆ ಪಾರ್ಸೆಲ್ ತಾನಾಗಿ ವಾಪಸ್ ಹೊರಡುತ್ತದೆ, ಬರುವ ಬಾಡಿಗೆ ಅಲ್ಲಿಂದಲೇ ಶುರು. ಕಂಪನಿಗಳಿಂದ ನಾವು ಕೇಳುವುದು ಒಂದೇ. ಗ್ರಾಹಕರು ನಿರಾಕರಿಸಿದರೆ ಅವರ ಮೊಬೈಲಿಗೆ ಬಂದ ಓಟಿಪಿ ಪಡೆದೇ ಹಾಗೆಂದು ದಾಖಲಿಸಲಿ, ಕೆಲವು ಕಡೆ ಈ ಪದ್ಧತಿ ಆಗಲೇ ಇದೆ. ಸಿಗಲಿಲ್ಲ ಎಂದರೆ ಕರೆ ಮಾಡಿದ ದಾಖಲೆ, ನಿಂತ ಜಾಗದ ದಾಖಲೆ ಎರಡನ್ನೂ ತೋರಿಸಲಿ. ದಾಖಲೆ ಇಲ್ಲದ ವಾಪಸಿಗೆ ಬರುವ ಬಾಡಿಗೆ ಕೇಳಬಾರದು. ಒಪ್ಪಂದ ಹೊಸದು ಮಾಡಿಕೊಳ್ಳುವಾಗ ಈ ಮಾತನ್ನು ಸೇರಿಸಿ ಎಂದು ನಾಲ್ಕು ಜನ ಒಟ್ಟಾಗಿ ಕೇಳಿದರೆ ಏರಿಯಾ ಮ್ಯಾನೇಜರ್ ಕಿವಿಗೊಡುತ್ತಾನೆ, ಒಬ್ಬರೇ ಕೇಳಿದರೆ ಕಷ್ಟ.

ವಾಪಸ್ ಬಂದ ಚೀಲವನ್ನು ಹಾಗೇ ಸಹಿ ಹಾಕಿ ತೆಗೆದುಕೊಳ್ಳಬೇಡಿ. ಮೊದಲು ತಕ್ಕಡಿಗೆ ಹಾಕಿ, ಹೊರಟಾಗಿನ ತೂಕದ ಜೊತೆ ನೋಡಿ, ಮೊಬೈಲಿನಲ್ಲಿ ವಿಡಿಯೋ ಹಿಡಿದುಕೊಂಡು ಬಿಡಿಸಿ. ಒಳಗೆ ಬೇರೆ ಬಟ್ಟೆ ಇದ್ದರೆ ದೂರು ಕೊಡಲು ಸಿಗುವ ಸಮಯ ಒಂದೆರಡು ದಿನ ಮಾತ್ರ.

ನಿಮ್ಮ ಪುಟಕ್ಕೆ ಹಾಕಿಕೊಳ್ಳಲು

ಮುಂಗಡದ ಷರತ್ತನ್ನು ಹೇಗೆ ಬರೆಯುವುದು ಎಂದು ಹಲವರು ಕೇಳಿದ್ದಾರೆ. ಕೆಳಗಿನದನ್ನು ಹಾಗೇ ನಕಲು ಮಾಡಿಕೊಳ್ಳಬಹುದು, ಅಂಕಿಗಳನ್ನು ನಿಮ್ಮ ದರಕ್ಕೆ ಬದಲಿಸಿ:

"ಬೆಲೆ 699. ಆರ್ಡರ್ ಮಾಡುವಾಗ 99, ಪಾರ್ಸೆಲ್ ಕೈಗೆ ಬಂದಾಗ 600. ಬೇರೆ ಶುಲ್ಕ ಇಲ್ಲ. ಮುಂಗಡ ಬೇಡದವರು ನಮ್ಮ ಫೋನ್ ಕರೆಗೆ ಒಪ್ಪಿಗೆ ಹೇಳಿದರೆ ಸಾಕು. ಪಾರ್ಸೆಲ್ ಹೊರಡುವ ಮೊದಲು ಬೇಡ ಎಂದರೆ ಪೂರ್ತಿ 99 ವಾಪಸ್. ಹೇಳಿದ ಮಾಲು ಬಾರದಿದ್ದರೆ, ಹರಿದು ಬಂದರೆ, ನಾವೇ ಕಳಿಸಲಾಗದಿದ್ದರೆ ಪೂರ್ತಿ 99 ವಾಪಸ್. ಹೊರಟ ಮೇಲೆ ಕಾರಣವಿಲ್ಲದೆ ತಿರುಗಿಸಿದರೆ 99 ಬಾಡಿಗೆಗೆ ಹೋಗುತ್ತದೆ. ವಿಳಾಸದಲ್ಲಿ ಮನೆ ನಂಬರ್, ಬೀದಿ, ಬಡಾವಣೆ ಅಥವಾ ಹಳ್ಳಿ, ಹೋಬಳಿ, ತಾಲ್ಲೂಕು, ಆರು ಅಂಕಿಯ ಪಿನ್ ಕೋಡ್ ಮತ್ತು ಹಗಲು ಎತ್ತುವ ಫೋನ್ ನಂಬರ್ ಬರೆಯಿರಿ."